ಬ್ರೆಡ್ಡಿನ ಹಿಟ್ಟಿಗೆ ಮೊಟ್ಟೆ: ಹಳದಿಯ ಕೆಲಸವೇನು, ಬಿಳಿಯ ಕೆಲಸವೇನು

ಮೈದಾ, ನೀರು, ಉಪ್ಪು, ಯೀಸ್ಟ್ ಇಷ್ಟಿದ್ದರೆ ಬ್ರೆಡ್ ಆಗುತ್ತದೆ. ಇದೇ ಹಿಟ್ಟಿಗೆ ಎರಡು ಮೊಟ್ಟೆ ಒಡೆದು ಹಾಕಿದರೆ ಬೇರೆಯೇ ಬ್ರೆಡ್ ಬರುತ್ತದೆ. ತಿರುಳು ತಿಳಿಹಳದಿಯಾಗುತ್ತದೆ, ಮೆತ್ತಗಾಗುತ್ತದೆ, ಮೇಲ್ಮೈ ಬೇಗ ಕೆಂಪಾಗುತ್ತದೆ, ಮರುದಿನಕ್ಕೂ ಒಣಗದೆ ಉಳಿಯುತ್ತದೆ. ಮೊಟ್ಟೆ ಹಾಕಿದ್ದರಿಂದಲೇ ಬ್ರೆಡ್ ಒಣಒಣವಾಗಿ, ಒಂದು ತುಂಡು ತಿನ್ನುವಷ್ಟರಲ್ಲಿ ನೀರು ಬೇಕೆನಿಸುವ ಹಾಗೆ ಆಗುವುದೂ ಉಂಟು. ಎರಡಕ್ಕೂ ಕಾರಣ ಒಂದೇ ಮೊಟ್ಟೆಯೊಳಗಿದೆ. ಹಳದಿ ಭಾಗ ಹಿಟ್ಟನ್ನು ಮೆದುಗೊಳಿಸುತ್ತದೆ, ಬಿಳಿ ಭಾಗ ಅದನ್ನು ಬಿಗಿಗೊಳಿಸುತ್ತದೆ. ಇಡೀ ಮೊಟ್ಟೆ ಹಾಕುವುದೆಂದರೆ ಈ ಎರಡೂ ಕೆಲಸಗಳನ್ನು ಒಟ್ಟಿಗೆ ಹಿಟ್ಟಿನೊಳಕ್ಕೆ ಬಿಟ್ಟಂತೆ.

ಬೇಯಿಸಿದ ಮೊಟ್ಟೆಯನ್ನು ಎರಡಾಗಿ ಕೊಯ್ದು ನೋಡಿದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಬಿಳಿ ಭಾಗವನ್ನು ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಹಳದಿಯನ್ನು ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ, ಬೆರಳಿಗೆ ಸ್ವಲ್ಪ ಜಿಡ್ಡೂ ಅಂಟುತ್ತದೆ. ಬಿಳಿಯಲ್ಲಿ ಹೆಚ್ಚುಕಡಿಮೆ 88 ಪಾಲು ನೀರು, 11 ಪಾಲು ಪ್ರೋಟೀನ್ ಇರುತ್ತದೆ, ಕೊಬ್ಬು ಇಲ್ಲವೆಂದೇ ಹೇಳಬಹುದು. ಹಳದಿಯಲ್ಲಿ ಸುಮಾರು ಅರ್ಧ ನೀರು, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಬ್ಬು, ಉಳಿದುದರಲ್ಲಿ ಬಹುಪಾಲು ಪ್ರೋಟೀನ್. ಎರಡನ್ನೂ ಸೇರಿಸಿ ಕಲಕಿದಾಗ ಮುಕ್ಕಾಲು ಪಾಲು ನೀರು, 12-13 ಪಾಲು ಪ್ರೋಟೀನ್, 10 ಪಾಲು ಕೊಬ್ಬು ಆಗುತ್ತದೆ. ಒಂದು ಮೊಟ್ಟೆಯ ಒಳಗಿನ ತೂಕದಲ್ಲಿ ಬಿಳಿ ಮೂರರಲ್ಲಿ ಎರಡು ಪಾಲು, ಹಳದಿ ಒಂದು ಪಾಲು. ಹಾಗಾಗಿ ಮೊಟ್ಟೆಗಳ ಸಂಖ್ಯೆ ಹೆಚ್ಚಿಸುತ್ತ ಹೋದವರು ತಮಗೆ ಗೊತ್ತಿಲ್ಲದೆಯೇ ಹಳದಿಯ ಎರಡರಷ್ಟು ಬಿಳಿಯನ್ನು ಹಾಕುತ್ತಿರುತ್ತಾರೆ.

ಇದನ್ನು ಒಂದೇ ಅಳತೆಯ ಮೂರು ಹಿಟ್ಟುಗಳಲ್ಲಿ ನೋಡಬಹುದು. ಪ್ರತಿಯೊಂದಕ್ಕೂ 500 ಗ್ರಾಂ ಮೈದಾ. ಮೊಟ್ಟೆಯಿಲ್ಲದೆ ನಾದುವುದಾದರೆ ಇಷ್ಟು ಮೈದಾಗೆ 300 ಗ್ರಾಂ ನೀರು ಸಾಕೆಂದುಕೊಳ್ಳೋಣ. ಮೊದಲನೆಯದಕ್ಕೆ 100 ಗ್ರಾಂ ಇಡೀ ಮೊಟ್ಟೆ, ಎರಡನೆಯದಕ್ಕೆ 100 ಗ್ರಾಂ ಬರೀ ಹಳದಿ, ಮೂರನೆಯದಕ್ಕೆ 100 ಗ್ರಾಂ ಬರೀ ಬಿಳಿ. ಮೊಟ್ಟೆಯೊಂದಿಗೆ ಬಂದ ನೀರನ್ನು ಲೆಕ್ಕಕ್ಕೆ ಹಿಡಿದು ಸುರಿಯುವ ನೀರನ್ನು ಕಡಿಮೆ ಮಾಡಬೇಕು. ಇಡೀ ಮೊಟ್ಟೆಯ ಹಿಟ್ಟಿಗೆ 225 ಗ್ರಾಂ, ಹಳದಿಯದಕ್ಕೆ 250, ಬಿಳಿಯದಕ್ಕೆ 212 ಗ್ರಾಂ ನೀರು ಉಳಿಯುತ್ತದೆ. ಮೊದಲ ಸಲ ಮೊಟ್ಟೆ ಬ್ರೆಡ್ ಮಾಡುವವರ ಹಿಟ್ಟು ಅಂಟಂಟಾಗಿ ಕೈಗೆ ಮೆತ್ತಿಕೊಳ್ಳುವುದಕ್ಕೆ ಸಾಮಾನ್ಯ ಕಾರಣ ಈ ಲೆಕ್ಕ ತಪ್ಪುವುದು. ನೀರಿನ ಅಳತೆ ಹಾಗೆಯೇ ಇಟ್ಟು ಮೇಲಿಂದ ಮೊಟ್ಟೆ ಹಾಕಿದರೆ ಅಷ್ಟು ನೀರು ಹೆಚ್ಚಾಗುತ್ತದೆ. ಅದನ್ನು ಸರಿಪಡಿಸಲೆಂದು ಮೈದಾ ಉದುರಿಸುತ್ತ ಹೋದರೆ ಉಪ್ಪು, ಸಕ್ಕರೆ, ಯೀಸ್ಟ್ ಎಲ್ಲದರ ಪ್ರಮಾಣವೂ ಏರುಪೇರಾಗುತ್ತದೆ.

ಮೂರೂ ಹಿಟ್ಟು ನಾದುವಾಗಲೇ ಬೇರೆ ಬೇರೆಯಾಗಿ ವರ್ತಿಸುತ್ತವೆ. ಬಿಳಿ ಹಾಕಿದ ಹಿಟ್ಟು ಮೊದಮೊದಲು ಲೋಳೆಯಾಗಿದ್ದು, ಆಮೇಲೆ ಬಿಗಿಯಾಗಿ, ಎಳೆದರೆ ಹಿಂದಕ್ಕೆ ಜಗ್ಗುತ್ತದೆ. ಹಳದಿ ಹಾಕಿದ ಹಿಟ್ಟು ನುಣುಪಾಗಿ, ಹೋಳಿಗೆಯ ಕಣಕದ ಹಾಗೆ ಸುಲಭವಾಗಿ ಹರಡಿಕೊಳ್ಳುತ್ತದೆ. ಇಡೀ ಮೊಟ್ಟೆಯದು ಇವೆರಡರ ನಡುವೆ ನಿಲ್ಲುತ್ತದೆ. ಬೇಯಿಸಿದ ಮೇಲೆ ಬಿಳಿಯ ಬ್ರೆಡ್ ಎತ್ತರವಾಗಿ ಉಬ್ಬಿರುತ್ತದೆ. ಅದರ ತಿರುಳು ಬೆಳ್ಳಗೆ, ಸ್ಪ್ರಿಂಗಿನಂತೆ ಇದ್ದು ಬಾಯಲ್ಲಿ ಒಣಗಿದ ಹಾಗೆ ಅನಿಸುತ್ತದೆ. ಹಳದಿಯ ಬ್ರೆಡ್ಡಿನ ತಿರುಳಿನಲ್ಲಿ ರಂಧ್ರಗಳು ಚಿಕ್ಕವು, ಒಂದೇ ಸಮ. ಮುರಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಅಗಿಯಲು ಕಷ್ಟವೇ ಇಲ್ಲ.

ಹೀಗೇಕೆ ಎಂದು ತಿಳಿಯಲು ಹಿಟ್ಟಿನ ಒಳಗೆ ಏನಿದೆ ಎಂಬುದನ್ನು ನೋಡಬೇಕು. ಮೈದಾಗೆ ನೀರು ಸೇರಿಸಿ ನಾದಿದಾಗ ಅದರಲ್ಲಿರುವ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡನ್ನು ಈ ಜಾಲ ಗುಳ್ಳೆಗುಳ್ಳೆಯಾಗಿ ಹಿಡಿದಿಡುತ್ತದೆ. ಓವನ್ನಿನ ಬಿಸಿಗೆ ಗುಳ್ಳೆಗಳು ಇನ್ನಷ್ಟು ಹಿಗ್ಗುತ್ತವೆ. 60 ಡಿಗ್ರಿ ದಾಟುತ್ತಿದ್ದಂತೆ ಮೈದಾದ ಪಿಷ್ಟ ನೀರು ಕುಡಿದು ಉಬ್ಬಿ ಗಂಜಿಯಂತಾಗುತ್ತದೆ, ಗ್ಲುಟೆನ್ ಗಟ್ಟಿಯಾಗುತ್ತದೆ. ಗುಳ್ಳೆಗಳ ಗೋಡೆ ಅಲ್ಲಿಗೆ ನಿಂತುಬಿಡುತ್ತದೆ. ಹೀಗೆ ನಿಂತ ಗೋಡೆಗಳನ್ನೇ ನಾವು ಬ್ರೆಡ್ಡಿನ ತಿರುಳು ಎನ್ನುವುದು.

ಮೊಟ್ಟೆಯ ಪ್ರೋಟೀನು ಗ್ಲುಟೆನ್ ಆಗುವುದಿಲ್ಲ. ಹಸಿ ಹಿಟ್ಟಿನಲ್ಲಿ ಅದು ಜಾಲದ ಸಂದುಗಳಲ್ಲಿ ದ್ರವವಾಗಿಯೇ ಇರುತ್ತದೆ. ಓವನ್ನಿಗೆ ಹೋದ ಮೇಲೆ ಅದರ ಕೆಲಸ ಶುರುವಾಗುತ್ತದೆ. ಬಿಳಿಯಲ್ಲಿರುವ ಕೆಲವು ಪ್ರೋಟೀನುಗಳು 60-65 ಡಿಗ್ರಿಯಲ್ಲೇ ಹೆಪ್ಪುಗಟ್ಟಲು ತೊಡಗುತ್ತವೆ. ಅತಿ ಹೆಚ್ಚು ಪ್ರಮಾಣದಲ್ಲಿರುವ ಓವಾಲ್ಬುಮಿನ್ ಗಟ್ಟಿಯಾಗುವುದು 80 ಡಿಗ್ರಿಯ ಆಸುಪಾಸಿನಲ್ಲಿ. ಹಳದಿ 65ರ ಹೊತ್ತಿಗೆ ದಪ್ಪವಾಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಬೆಂದ ಬ್ರೆಡ್ಡಿನ ಒಳಗಿನ ಬಿಸಿ 90 ಡಿಗ್ರಿ ಸುತ್ತಮುತ್ತ ಇರುವುದರಿಂದ ಇವೆಲ್ಲವೂ ಅಲ್ಲಿ ಹೆಪ್ಪುಗಟ್ಟಿಯೇ ಮುಗಿದಿರುತ್ತವೆ. ಅಂದರೆ ಗ್ಲುಟೆನ್ ಮತ್ತು ಪಿಷ್ಟ ಕಟ್ಟಿದ ಗೋಡೆಗೆ ಮೊಟ್ಟೆ ಇನ್ನೊಂದು ಸುತ್ತು ಗಾರೆ ಬಳಿಯುತ್ತದೆ. ಬಿಳಿಯಿಂದ ಬರುವ ಈ ಗಾರೆಯಲ್ಲಿ ಜಿಡ್ಡಿಲ್ಲ. ಹಿತಮಿತವಾಗಿದ್ದರೆ ಬ್ರೆಡ್ಡಿಗೆ ಎತ್ತರವೂ ನಿಲುವೂ ಬರುತ್ತದೆ, ಹೆಚ್ಚಾದರೆ ಗೋಡೆ ಗಡುಸಾಗಿ ಬಾಯಿಗೆ ಒಣಗಿದಂತೆ ಆಗುತ್ತದೆ. ಮೊಟ್ಟೆ ಹೆಚ್ಚು ಹಾಕಿದ್ದೇವೆ, ಆದರೂ ಬ್ರೆಡ್ ಒರಟು ಎಂಬ ದೂರಿನ ಮೂಲ ಬಹುಪಾಲು ಇಲ್ಲಿಯೇ.

ಹಳದಿಯ ಕೊಬ್ಬು ಮಾಡುವ ಕೆಲಸ ಇದಕ್ಕೆ ತದ್ವಿರುದ್ಧ. ಕೊಬ್ಬು ಗ್ಲುಟೆನ್ ಎಳೆಗಳ ಮೇಲೆ ಹರಡಿ, ಅವು ಒಂದಕ್ಕೊಂದು ಬಲವಾಗಿ ಅಂಟದಂತೆ ತಡೆಯುತ್ತದೆ. ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಹಿಟ್ಟು ಹರಿಯದೆ ಹಿಗ್ಗುತ್ತದೆ, ತಿರುಳು ಮೆದುವಾಗುತ್ತದೆ. ಬೆಣ್ಣೆ, ಎಣ್ಣೆ ಹಾಕಿದರೂ ಇದೇ ಆಗುತ್ತದಲ್ಲ ಎನ್ನಬಹುದು. ಆಗುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಬೆಣ್ಣೆಯ ಜಿಡ್ಡು ದೊಡ್ಡ ದೊಡ್ಡ ಪದರಗಳಾಗಿ ಹಿಟ್ಟಿಗೆ ಸೇರುತ್ತದೆ. ಹಳದಿಯ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ, ಪ್ರೋಟೀನಿನ ಹೊದಿಕೆಯಲ್ಲಿ, ನೀರಿನೊಂದಿಗೆ ಮೊದಲೇ ಬೆರೆತುಕೊಂಡಿರುತ್ತದೆ. ಆದ್ದರಿಂದಲೇ ಹಳದಿಯನ್ನು ನೀರಿನ ಜೊತೆ ಆರಂಭದಲ್ಲೇ ಹಾಕಿದರೂ ಗ್ಲುಟೆನ್ ಬೆಳೆಯಲು ಹೆಚ್ಚು ಅಡ್ಡಿಯಾಗುವುದಿಲ್ಲ. ಬೆಣ್ಣೆ ಧಾರಾಳವಾಗಿದ್ದರೆ ಮಾತ್ರ ಹಿಟ್ಟು ಚೆನ್ನಾಗಿ ನಾದಿ ಆದ ಮೇಲೆಯೇ ಅದನ್ನು ಸೇರಿಸಬೇಕು.

ಹಳದಿಯ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಭಾಗ ಲೆಸಿಥಿನ್ ಜಾತಿಯದು. ಇದರ ಅಣುವಿನ ಒಂದು ತುದಿಗೆ ನೀರು ಹಿಡಿಸುತ್ತದೆ, ಇನ್ನೊಂದಕ್ಕೆ ಎಣ್ಣೆ ಹಿಡಿಸುತ್ತದೆ. ಎಣ್ಣೆ ಮತ್ತು ನೀರನ್ನು ಬೇರೆಯಾಗದಂತೆ ಹಿಡಿದಿಡುವುದು ಇದರ ಒಂದು ಕೆಲಸ. ಗಾಳಿಗುಳ್ಳೆಗಳ ಅಂಚಿನಲ್ಲಿ ಕುಳಿತು, ಸಣ್ಣ ಗುಳ್ಳೆಗಳು ಕೂಡಿಕೊಂಡು ದೊಡ್ಡವಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಹಳದಿಯ ಬ್ರೆಡ್ಡಿನ ರಂಧ್ರಗಳು ಚಿಕ್ಕದಾಗಿ ಒಂದೇ ಸಮ ಇರುವುದಕ್ಕೆ ಇದೂ ಒಂದು ಕಾರಣ. ಕಾರ್ಖಾನೆಯ ಬ್ರೆಡ್ ಪೊಟ್ಟಣದ ಹಿಂದೆ ಎಮಲ್ಸಿಫೈಯರ್ ಎಂದು ಬರೆದು ಪಕ್ಕದಲ್ಲಿ ಸಂಖ್ಯೆಗಳನ್ನು ಕೊಟ್ಟಿರುತ್ತಾರೆ. ಅದರಲ್ಲಿ 322 ಎಂದಿದ್ದರೆ ಅದು ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ ತೆಗೆದದ್ದು. ನಮ್ಮ ಅಯ್ಯಂಗಾರ್ ಬೇಕರಿಗಳ ಬ್ರೆಡ್ಡು, ಬನ್ನುಗಳಿಗೆ ವಾಡಿಕೆಯಾಗಿ ಮೊಟ್ಟೆ ಹಾಕುವುದಿಲ್ಲ. ಅಲ್ಲಿ ಬನ್ನು ಮೆತ್ತಗಿರುವುದು ಬೇರೆ ಜಿಡ್ಡು ಮತ್ತು ಸಕ್ಕರೆಯಿಂದ. ಮೊಟ್ಟೆಯಿಲ್ಲದೆ ಬ್ರೆಡ್ ಮೆದುವಾಗದು ಎಂದೇನೂ ಇಲ್ಲ. ಆದರೆ ಜಿಡ್ಡು, ಲೆಸಿಥಿನ್, ಬಣ್ಣ, ಹೆಪ್ಪುಗಟ್ಟುವ ಪ್ರೋಟೀನು ನಾಲ್ಕನ್ನೂ ಒಂದೇ ಚಿಪ್ಪಿನಲ್ಲಿ ಕೊಡುವ ಪದಾರ್ಥ ಇನ್ನೊಂದು ಅಡುಗೆಮನೆಯಲ್ಲಿ ಸಿಗುವುದಿಲ್ಲ.

ಮೊಟ್ಟೆ ಬ್ರೆಡ್ಡುಗಳಿಗೆ ಹೆಸರಾದ ಕಡೆಗಳಲ್ಲಿ ಈ ಎರಡು ಭಾಗಗಳನ್ನು ಹೊಂದಿಸುವ ಬಗೆಯೂ ಬೇರೆ ಬೇರೆ. ಫ್ರಾನ್ಸಿನ ಬ್ರಿಯೋಶ್‌ಗೆ ಇಡೀ ಮೊಟ್ಟೆ ಹಾಕುತ್ತಾರೆ. 500 ಗ್ರಾಂ ಮೈದಾಗೆ ಐದಾರು ಮೊಟ್ಟೆ, 250 ಗ್ರಾಂ ಬೆಣ್ಣೆ, ನೀರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇಷ್ಟು ಬೆಣ್ಣೆ ಗ್ಲುಟೆನ್ನನ್ನು ಸಡಿಲಿಸುವಾಗ ಗೋಡೆ ಕುಸಿಯದಂತೆ ನಿಲ್ಲಿಸಲು ಬಿಳಿಯ ಬಿಗಿ ಬೇಕೇ ಬೇಕು. ಬಿಳಿ ಕೊಡುವ ಒಣತನವನ್ನು ಬೆಣ್ಣೆಯೇ ತುಂಬಿಕೊಡುತ್ತದೆ. ಯಹೂದಿಗಳು ಸಬ್ಬತ್ ದಿನಕ್ಕೆಂದು ಜಡೆಯಂತೆ ಹೆಣೆದು ಮಾಡುವ ಹಲ್ಲಾ ಬ್ರೆಡ್ಡಿನಲ್ಲಿ ಬೆಣ್ಣೆ, ಹಾಲು ಇರುವುದಿಲ್ಲ. ಮಾಂಸದೂಟದ ಜೊತೆ ಹಾಲಿನ ಪದಾರ್ಥ ಸೇರಬಾರದೆಂಬುದು ಅವರ ಧಾರ್ಮಿಕ ನಿಯಮ. ಆದ್ದರಿಂದ ಎಣ್ಣೆ ಹಾಕುತ್ತಾರೆ, ಇಡೀ ಮೊಟ್ಟೆಯ ಜೊತೆ ಹೆಚ್ಚುವರಿ ಹಳದಿ ಸೇರಿಸುವುದೂ ಸಾಮಾನ್ಯ.

ಇಟಲಿಯ ಮಿಲಾನಿನಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಪನೆತ್ತೋನೆಯ ಕಥೆ ಇನ್ನೂ ಸ್ವಾರಸ್ಯದ್ದು. 2005ರಲ್ಲಿ ಇಟಲಿ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ, ಆ ಹೆಸರಿನಲ್ಲಿ ಮಾರುವ ಬ್ರೆಡ್ಡಿನಲ್ಲಿ ಶೇಕಡಾ 16ಕ್ಕೆ ಕಡಿಮೆಯಿಲ್ಲದಷ್ಟು ಬೆಣ್ಣೆ ಇರಬೇಕು. ಮೊಟ್ಟೆಯ ವಿಷಯದಲ್ಲಿ ಅದು ಎಣಿಸುವುದು ಹಳದಿಯನ್ನು ಮಾತ್ರ, ಕನಿಷ್ಠ ಶೇಕಡಾ 4. ಇಡೀ ಮೊಟ್ಟೆ ಹಾಕಿದರೂ ಲೆಕ್ಕಕ್ಕೆ ಬರುವುದು ಅದರೊಳಗಿನ ಹಳದಿಯಷ್ಟೇ. ಹಳದಿ, ಬೆಣ್ಣೆ ತುಂಬಿದ ಈ ಬ್ರೆಡ್ ಓವನ್ನಿನಿಂದ ಹೊರಬಂದಾಗ ತನ್ನ ಭಾರವನ್ನು ತಾನೇ ತಡೆಯಲಾರದಷ್ಟು ಮೆದುವಾಗಿರುತ್ತದೆ. ಅದಕ್ಕೇ ಬೇಕರಿಯವರು ತಳಕ್ಕೆ ಉದ್ದನೆಯ ಕಡ್ಡಿ ಚುಚ್ಚಿ, ಗಂಟೆಗಟ್ಟಲೆ ತಲೆಕೆಳಗಾಗಿ ತೂಗುಹಾಕಿ ಆರಿಸುತ್ತಾರೆ. ನೆಟ್ಟಗೆ ಇಟ್ಟರೆ ನಡುವೆ ಕುಸಿಯುತ್ತದೆ.

ಮನೆಯ ಓವನ್ನಿಗೆ ಹೊಂದುವುದು ಹಲ್ಲಾ ಮಾದರಿಯ, ಮಧ್ಯಮಮಾರ್ಗದ ಹಿಟ್ಟು. 500 ಗ್ರಾಂ ಮೈದಾಗೆ ಒಂದು ಇಡೀ ಮೊಟ್ಟೆ ಮತ್ತು ಮೂರು ಹಳದಿ. ನಮ್ಮ ಅಂಗಡಿಗಳ ಮೊಟ್ಟೆ ಗಾತ್ರದಲ್ಲಿ ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ ಎಣಿಸುವುದಕ್ಕಿಂತ ಒಡೆದು ತೂಗುವುದು ಮೇಲು. ಇಡೀ ಮೊಟ್ಟೆ 50 ಗ್ರಾಂ, ಹಳದಿ 50 ಗ್ರಾಂ ಬಂದರೆ ಸರಿ. ಇವೆರಡರಿಂದ ಸುಮಾರು 62 ಗ್ರಾಂ ನೀರು ಹಿಟ್ಟಿಗೆ ಬಂದಾಯಿತು. ಮೇಲೆ ಸುರಿಯಲು 215 ಗ್ರಾಂ ನೀರು, ಜೊತೆಗೆ 50 ಗ್ರಾಂ ಸಕ್ಕರೆ, 40 ಗ್ರಾಂ ಎಣ್ಣೆ, 9 ಗ್ರಾಂ ಉಪ್ಪು, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಇಷ್ಟು ಸಕ್ಕರೆ ಇದ್ದಾಗ ಯೀಸ್ಟ್ ನಿಧಾನವಾಗುತ್ತದೆ, ಸಕ್ಕರೆ ತಾನೂ ನೀರನ್ನು ಹಿಡಿದಿಟ್ಟುಕೊಂಡು ಯೀಸ್ಟಿಗೆ ಸಿಗದಂತೆ ಮಾಡುತ್ತದೆ. ಸಾದಾ ಬ್ರೆಡ್ಡಿಗಿಂತ ಯೀಸ್ಟ್ ಸ್ವಲ್ಪ ಹೆಚ್ಚು ಹಾಕುವುದು ಅದಕ್ಕೇ.

ಮೊಟ್ಟೆ ಫ್ರಿಜ್ಜಿನಿಂದ ನೇರವಾಗಿ ಬಂದದ್ದಾದರೆ ಹಿಟ್ಟು ತಣ್ಣಗಾಗಿ ಉಬ್ಬುವುದಕ್ಕೆ ಎರಡರಷ್ಟು ಹೊತ್ತು ಹಿಡಿಯಬಹುದು. ಚಿಪ್ಪಿನ ಸಮೇತ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಈ ತೊಂದರೆ ಇಲ್ಲ. ಎಣ್ಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಸಿ, ನೀರಿನಲ್ಲಿ ಎರಡು ಚಮಚ ಹಿಂದಿಟ್ಟುಕೊಂಡು, ಐದಾರು ನಿಮಿಷ ನಾದಿದ ಮೇಲೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಮತ್ತೆ ಅಷ್ಟೇ ಹೊತ್ತು ನಾದಬೇಕು. ಎಣ್ಣೆ ಬಿದ್ದೊಡನೆ ಹಿಟ್ಟು ಒಡೆದು ಚೂರುಚೂರಾದಂತೆ ಕಾಣುತ್ತದೆ. ಆಗ ಗಾಬರಿಯಿಂದ ಮೈದಾ ಉದುರಿಸದೆ ನಾದುತ್ತ ಹೋದರೆ ಎರಡು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಒಂದು ಚೂರು ಹಿಟ್ಟನ್ನು ನಾಲ್ಕೂ ಕಡೆಗೆ ಮೆಲ್ಲಗೆ ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದ ಪರೆಯಾದರೆ ನಾದಿದ್ದು ಸಾಕು. ಪರೆ ಬೇಗ ಹರಿದು ಅಂಚು ತರಿತರಿಯಾಗಿದ್ದರೆ ಇನ್ನೂ ನಾದಬೇಕು.

27-28 ಡಿಗ್ರಿ ಬಿಸಿಯಿರುವ ಅಡುಗೆಮನೆಯಲ್ಲಿ ಹಿಟ್ಟು ಎರಡರಷ್ಟಾಗಲು ಒಂದೂಕಾಲರಿಂದ ಒಂದೂವರೆ ಗಂಟೆ ಬೇಕು. ರಾತ್ರಿಯಿಡೀ ಉಬ್ಬಲು ಬಿಡುವ ಆಸೆಯಿದ್ದರೆ ಪಾತ್ರೆ ಫ್ರಿಜ್ಜಿನಲ್ಲೇ ಇರಬೇಕು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿದ್ದು, ಬೆಚ್ಚಗಿನ ಜಾಗದಲ್ಲಿ ಅದು ಬೆಳೆಯುತ್ತದೆ. ಕಲಬುರಗಿಯ ಬೇಸಿಗೆಯಲ್ಲಂತೂ ಮೊಟ್ಟೆ ಹಾಕಿದ ಹಿಟ್ಟನ್ನು ಕಟ್ಟೆಯ ಮೇಲೆ ಮರೆತು ಹೋಗುವಂತಿಲ್ಲ. ಇದೇ ಕಾರಣಕ್ಕೆ ಹಸಿ ಹಿಟ್ಟಿನ ರುಚಿ ನೋಡುವ ಅಭ್ಯಾಸವೂ ಇಲ್ಲಿ ಸಲ್ಲದು.

ಉಬ್ಬಿದ ಹಿಟ್ಟನ್ನು ಮೂರು ಭಾಗ ಮಾಡಿ, ಉದ್ದಕ್ಕೆ ಹೊಸೆದು, ಜಡೆ ಹೆಣೆದು ಮತ್ತೆ ಮುಕ್ಕಾಲು ಗಂಟೆ ಉಬ್ಬಲು ಬಿಡಬೇಕು. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮೇಲೆದ್ದರೆ ಓವನ್ನಿಗೆ ಸಿದ್ಧ. ಥಟ್ಟನೆ ಮೇಲೆದ್ದರೆ ಇನ್ನೂ ಹೊತ್ತು ಬೇಕು, ಗುಳಿ ಹಾಗೆಯೇ ಉಳಿದರೆ ಹೊತ್ತು ಮೀರಿದೆ.

ಇನ್ನು ಬಣ್ಣದ ಮಾತು. ಬ್ರೆಡ್ಡಿನ ಮೇಲ್ಮೈ ಕೆಂಪಗಾಗುವುದು ಮುಖ್ಯವಾಗಿ ಪ್ರೋಟೀನಿನ ಅಮೈನೋ ಆಮ್ಲಗಳೂ ಗ್ಲೂಕೋಸಿನಂಥ ಸಕ್ಕರೆಗಳೂ ಬಿಸಿಯಲ್ಲಿ ಸೇರಿ ನಡೆಸುವ ಕ್ರಿಯೆಯಿಂದ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮೇಯಾರ್ ಎಂಬ ವಿಜ್ಞಾನಿಯ ಹೆಸರೇ ಅದಕ್ಕೆ ನಿಂತಿದೆ. ಮೇಲ್ಮೈಯ ನೀರು ಆರಿ ಬಿಸಿ 140 ಡಿಗ್ರಿಯ ಹತ್ತಿರ ಬಂದಾಗ ಇದು ಜೋರಾಗುತ್ತದೆ. ಬ್ರೆಡ್ಡಿನ ಒಳಗೆ ನೀರಿರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ. ಆದ್ದರಿಂದಲೇ ಹೊರಗೆ ಕಂದು, ಒಳಗೆ ಬಿಳಿ.

ಮೊಟ್ಟೆ ಈ ಕ್ರಿಯೆಗೆ ಎರಡು ಕಡೆಯಿಂದ ನೆರವಾಗುತ್ತದೆ. ಪ್ರೋಟೀನನ್ನು ಒದಗಿಸುತ್ತದೆ, ಅದು ಒಂದು. ಬಿಳಿ ಭಾಗ ಕ್ಷಾರೀಯ, ಮೊಟ್ಟೆ ಹಳೆಯದಾದಷ್ಟೂ ಅದರ ಕ್ಷಾರತೆ ಏರುತ್ತದೆ. ಮೇಯಾರ್ ಕ್ರಿಯೆ ಹುಳಿಯಲ್ಲಿ ನಿಧಾನ, ಕ್ಷಾರದಲ್ಲಿ ಚುರುಕು. ನಾವು ಹಾಕಿದ ಸಕ್ಕರೆಯನ್ನು ಯೀಸ್ಟ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡಿಟ್ಟಿರುತ್ತದೆ, ಅವೂ ಬಣ್ಣಕ್ಕೆ ಸಿದ್ಧವಾಗಿರುತ್ತವೆ. ಹಳದಿಯ ಕೊಬ್ಬು ತಾನಾಗಿ ಕಂದಾಗುವುದಿಲ್ಲ. ಅದರ ಪ್ರಭಾವ ಕಾಣುವುದು ಹೊರಪದರದ ಗುಣದಲ್ಲಿ. ಸಾದಾ ಬ್ರೆಡ್ಡಿನ ಹೊರಪದರ ದಪ್ಪಗೆ, ಗರಿಗರಿಯಾಗಿರುತ್ತದೆ. ಹಳದಿ ಹಾಕಿದ್ದರ ಹೊರಪದರ ತೆಳ್ಳಗೆ ಮೆತ್ತಗಿದ್ದು ಕೈಗೆ ಬಗ್ಗುತ್ತದೆ.

ಸಾದಾ ಬ್ರೆಡ್ಡನ್ನು 220-230 ಡಿಗ್ರಿಯಲ್ಲಿ ಬೇಯಿಸಿ ರೂಢಿಯಾದವರು ಎಡವುವುದು ಇಲ್ಲೇ. ಮೊಟ್ಟೆ, ಸಕ್ಕರೆಯ ಹಿಟ್ಟನ್ನು ಅದೇ ಬಿಸಿಗೆ ತಳ್ಳಿದರೆ ಕಾಲು ಗಂಟೆಯಲ್ಲಿ ಮೇಲೆಲ್ಲ ಗಾಢ ಕಂದಾಗಿ, ಬೆಂದಿತೆಂದು ಹೊರತೆಗೆದಾಗ ನಡುವೆ ಹಸಿ ಉಳಿದಿರುತ್ತದೆ. ಆರುತ್ತಿದ್ದಂತೆ ಪಕ್ಕಗಳು ಒಳಕ್ಕೆ ಕುಸಿಯುತ್ತವೆ, ಕೊಯ್ದರೆ ತಳದ ಹತ್ತಿರ ಅಂಟುಅಂಟಾದ ಒತ್ತುಪಟ್ಟಿ ಕಾಣುತ್ತದೆ. ಮೇಲಿನ ಜಡೆಗೆ 180 ಡಿಗ್ರಿ ಸಾಕು, ಮೂವತ್ತರಿಂದ ಮೂವತ್ತೈದು ನಿಮಿಷ. ಇಪ್ಪತ್ತು ನಿಮಿಷಕ್ಕೇ ಬೇಕಾದ ಬಣ್ಣ ಬಂದುಬಿಟ್ಟರೆ ಅಲ್ಯೂಮಿನಿಯಂ ಫಾಯಿಲನ್ನು ಸಡಿಲವಾಗಿ ಹೊದಿಸಿ ಉಳಿದ ಹೊತ್ತು ಬೇಯಿಸಬೇಕು. ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸುವುದು ಮೊಟ್ಟೆ ಬ್ರೆಡ್ಡಿನಲ್ಲಿ ನಂಬಿಕೆಗೆ ಅರ್ಹವಲ್ಲ. ಚುಚ್ಚುವ ಥರ್ಮಾಮೀಟರ್ ನಡುಭಾಗದಲ್ಲಿ 88-90 ಡಿಗ್ರಿ ತೋರಿಸಿದರೆ ಅದು ಖಚಿತ.

ಓವನ್ನಿಗೆ ಹೋಗುವ ಮುನ್ನ ಮೇಲೆ ಬಳಿಯುವ ಮೊಟ್ಟೆಯಲ್ಲಿ ಹಳದಿ-ಬಿಳಿಯ ಭೇದ ಎಲ್ಲಕ್ಕಿಂತ ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತದೆ. ಬರೀ ಬಿಳಿ ಬಳಿದರೆ ಗಾಜಿನಂಥ ಹೊಳಪು ಬರುತ್ತದೆ, ಬಣ್ಣ ಮಾತ್ರ ತೆಳು. ಬರೀ ಹಳದಿಗೆ ಒಂದು ಚಮಚ ಹಾಲು ಬೆರೆಸಿ ಬಳಿದರೆ ಗಾಢವಾದ ಹೊಂಗಂದು, ಹೊಳಪು ಸ್ವಲ್ಪ ಕಡಿಮೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಹ ಮೇಯಾರ್ ಕ್ರಿಯೆಗೆ ಒದಗುವ ಸಕ್ಕರೆ. ಇಡೀ ಮೊಟ್ಟೆ ಕಲಕಿ ಬಳಿದರೆ ಬಣ್ಣ, ಹೊಳಪು ಎರಡೂ ಮಧ್ಯಮ. ಮೊಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆ ಒಡೆದು ತೆಳುವಾಗಿ, ಬ್ರಷ್ಷಿನಿಂದ ಸಮನಾಗಿ ಹರಡುತ್ತದೆ. ಹಾಗೆ ಮಾಡದೆ ಬಳಿದಾಗ ಲೋಳೆಯ ಮುದ್ದೆಗಳು ಅಲ್ಲಲ್ಲಿ ನಿಂತು, ಬೆಂದ ಮೇಲೆ ಮಚ್ಚೆಗಳಾಗಿ ಕಾಣುತ್ತವೆ. ಜಡೆ ಹೆಣೆದ ಕೂಡಲೇ ಒಮ್ಮೆ, ಓವನ್ನಿಗೆ ಇಡುವಾಗ ಇನ್ನೊಮ್ಮೆ ತೆಳುವಾಗಿ ಬಳಿಯುವುದು ಒಳ್ಳೆಯದು. ಬ್ರೆಡ್ ಓವನ್ನಿನಲ್ಲಿ ಕೊನೆಯ ಸಲ ಹಿಗ್ಗುವಾಗ ಎಳೆಗಳ ಸಂದಿನಿಂದ ಹೊಸ ಹಿಟ್ಟು ಹೊರಬರುತ್ತದೆ. ಮೊಟ್ಟೆ ತಾಗದ ಆ ಭಾಗ ಬಿಳಿಗೆರೆಯಾಗಿ ಉಳಿಯುತ್ತದೆ. ಈ ಗೆರೆಗಳು ತೀರಾ ಅಗಲವಾಗಿ, ಹರಿದಂತೆ ಇದ್ದರೆ ಹೊರಗೆ ಉಬ್ಬಲು ಬಿಟ್ಟ ಹೊತ್ತು ಸಾಲಲಿಲ್ಲ ಎಂದರ್ಥ. ಟಿನ್ನಿನಲ್ಲಿ ಬೇಯಿಸುವ ಬ್ರೆಡ್ಡಿಗೆ ಬಳಿಯುವಾಗ ಮೊಟ್ಟೆ ಅಂಚಿನಿಂದ ಕೆಳಕ್ಕೆ ಇಳಿಯದಂತೆ ನೋಡಬೇಕು. ಅದು ಹಿಟ್ಟನ್ನು ಟಿನ್ನಿಗೆ ಅಂಟಿಸಿ, ಮೇಲೇಳದಂತೆ ಹಿಡಿದುಬಿಡುತ್ತದೆ.

ತಿರುಳಿನ ಹಳದಿ ಬಣ್ಣ ಬರುವುದು ಕೊಬ್ಬಿನಿಂದಲ್ಲ, ಕೊಬ್ಬಿನಲ್ಲಿ ಕರಗಿರುವ ಲ್ಯೂಟೀನ್, ಝಿಯಾಕ್ಸಾಂಥಿನ್ ಎಂಬ ಬಣ್ಣದ ವಸ್ತುಗಳಿಂದ. ಇವನ್ನು ಕೋಳಿ ತಾನು ಮಾಡಿಕೊಳ್ಳಲಾರದು. ಮೆಕ್ಕೆಜೋಳ, ಸೊಪ್ಪುಸದೆಯಿಂದ ಪಡೆಯಬೇಕು. ಫಾರಂ ಕೋಳಿಗಳ ಮೇವಿಗೆ ಚೆಂಡುಹೂವಿನ ಸಾರವನ್ನು ಬೆರೆಸುವುದುಂಟು. ಗುಂಡ್ಲುಪೇಟೆಯ ಕಡೆ ಎಕರೆಗಟ್ಟಲೆ ಬೆಳೆಯುವ ಚೆಂಡುಹೂವು ದೇವರ ಮುಡಿಗಷ್ಟೇ ಹೋಗುವುದಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಹೋಗುತ್ತದೆ. ಹೀಗಾಗಿ ಕಡುಹಳದಿ ಮೊಟ್ಟೆಯಿಂದ ಮಾಡಿದ ಬ್ರೆಡ್ ನೋಡಲು ಹೆಚ್ಚು ಸಮೃದ್ಧವಾಗಿ ಕಂಡರೂ ಅದರಲ್ಲಿ ಕೊಬ್ಬು ಹೆಚ್ಚಿದೆ ಎಂದಾಗಲಿ, ಅದು ಹೆಚ್ಚು ಮೆದುವೆಂದಾಗಲಿ ಹೇಳಲಾಗದು.

ಹಳದಿಯ ಇನ್ನೊಂದು ಉಪಕಾರ ಮರುದಿನ ಗೊತ್ತಾಗುತ್ತದೆ. ಬ್ರೆಡ್ ಹಳತಾಗಿ ಗಟ್ಟಿಯಾಗುವುದು ಒಣಗಿದ್ದರಿಂದ ಮಾತ್ರವಲ್ಲ. ಬೇಯುವಾಗ ನೀರು ಕುಡಿದು ಸಡಿಲವಾಗಿದ್ದ ಪಿಷ್ಟದ ಅಣುಗಳು ಆರಿದ ಮೇಲೆ ನಿಧಾನವಾಗಿ ಮತ್ತೆ ಸಾಲುಗೂಡಿ ಬಿಗಿಯಾಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹನಿ ನೀರು ಆರದಂತೆ ಇಟ್ಟರೂ ಸಾದಾ ಬ್ರೆಡ್ ಗಟ್ಟಿಯಾಗುವುದು ಇದರಿಂದ. ಹಳದಿಯ ಜಿಡ್ಡು, ಅದರಲ್ಲೂ ಲೆಸಿಥಿನ್ನಿನಂಥವು, ಪಿಷ್ಟದ ನಡುವೆ ಸೇರಿಕೊಂಡು ಈ ಸಾಲುಗೂಡುವಿಕೆಯನ್ನು ತಡಮಾಡುತ್ತವೆ. ಪೂರ್ತಿ ನಿಲ್ಲಿಸುವುದಿಲ್ಲ. ಬಿಳಿ ಭಾಗಕ್ಕೆ ಈ ಗುಣವಿಲ್ಲ, ಬರೀ ಬಿಳಿ ಹಾಕಿದ ಬ್ರೆಡ್ ಸಂಜೆಯ ಹೊತ್ತಿಗೇ ಒರಟಾಗುತ್ತದೆ.

ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಇನ್ನೂ ಬೇಗ ಬಿಗಿಯಾಗುತ್ತದೆ. ಹೀಗಾಗಿ ಮೊಟ್ಟೆ ಬ್ರೆಡ್ಡನ್ನು ಒಂದೆರಡು ದಿನಕ್ಕಾದರೆ ಮುಚ್ಚಿ ಹೊರಗೇ ಇಡುವುದು ಸರಿ. ಹೆಚ್ಚು ದಿನಕ್ಕಾದರೆ ಹೋಳು ಮಾಡಿ ಫ್ರೀಜರಿಗೆ ಹಾಕಬೇಕು. ಗಟ್ಟಿಯಾದ ಹೋಳನ್ನು ಬಿಸಿ ಮಾಡಿದಾಗ ಪಿಷ್ಟ ಮತ್ತೆ ಸಡಿಲಗೊಂಡು ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಟೋಸ್ಟರಿಗೆ ಹಾಕುವುದಾದರೆ ಬಿಸಿಯ ಗುಂಡಿಯನ್ನು ಸಾದಾ ಬ್ರೆಡ್ಡಿನದಕ್ಕಿಂತ ಒಂದೆರಡು ಮನೆ ಕಡಿಮೆಗೆ ತಿರುಗಿಸಿಡಬೇಕು. ಪ್ರೋಟೀನು, ಸಕ್ಕರೆ ತುಂಬಿದ ಈ ಹೋಳು ಅದೇ ಬಿಸಿಗೆ ಕರಕಲಾಗುತ್ತದೆ.